ಹುತ್ತರಿ ರಾತ್ರಿಯ ಫೋಟೋದಲ್ಲಿ ಬಿಳಿ ಚುಕ್ಕೆಗಳು

ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಗದ್ದೆಯಲ್ಲಿ ಮೊಬೈಲ್ ಫ್ಲ್ಯಾಶ್ ಹಾಕಿ ತೆಗೆದರೆ ಮುಂದಿನವರ ಮುಖ ಸುಣ್ಣದಂತೆ, ಹಿಂದಿನವರು ಕತ್ತಲು, ತುಂಬಾ ಬಿಳಿ ಚುಕ್ಕೆ. ಏಕೆ?

ಚುಕ್ಕೆಗಳು ಮಂಜಿನ ಹನಿಗಳು. ಮೊಬೈಲಿನ ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಹನಿಗೆ ಬಡಿದ ಬೆಳಕು ನೇರವಾಗಿ ಲೆನ್ಸಿಗೇ ಮರಳುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. 1 ಮೀಟರಿನಲ್ಲಿ ಕದಿರು ಹಿಡಿದವರಿಗೆ ಸಿಕ್ಕಿದ್ದರಲ್ಲಿ 4 ಮೀಟರ್ ದೂರದವರಿಗೆ ಹದಿನಾರನೇ ಒಂದು ಪಾಲು ಮಾತ್ರ.

ಫ್ಲ್ಯಾಶ್ ಆಫ್ ಮಾಡಿ, ಇನ್ನೊಬ್ಬರ ಕೈಯಲ್ಲಿ ಮತ್ತೊಂದು ಮೊಬೈಲಿನ ಟಾರ್ಚನ್ನು ಪಕ್ಕದಿಂದ ಹಿಡಿಸಿ. ಆಂಡ್ರಾಯ್ಡ್ 13ರಿಂದೀಚೆಗಿನ ಕೆಲವು ಫೋನುಗಳಲ್ಲಿ ಟಾರ್ಚಿನ ಪ್ರಖರತೆ ತಗ್ಗಿಸಬಹುದು. ಹಣೆಯ ಹೊಳಪು ಅಡಗುವವರೆಗೆ ತಗ್ಗಿಸಿ. ಟಾರ್ಚಿನ ಬೆಳಕು ಕಡಿಮೆಯಾದ್ದರಿಂದ ಫೋಟೋಗೆ ಹೆಚ್ಚು ಹೊತ್ತು ಬೇಕು, ಹಾಗಾಗಿ ಎಲ್ಲರೂ ಅಲುಗಾಡದೆ ನಿಲ್ಲಬೇಕು. ಕುಣಿಯುವವರ ಕೈ ಮಸುಕಾಗದಿರಲು ಕ್ಯಾಮೆರಾದ ಕ್ಸೆನಾನ್ ಫ್ಲ್ಯಾಶೇ ಬೇಕು. ಅದು ಮಿಂಚುವುದು ಸೆಕೆಂಡಿನ ಸುಮಾರು ಸಾವಿರದಲ್ಲೊಂದು ಪಾಲು ಅಷ್ಟೇ.