ಡ್ರಿಪ್ ಎಲ್ಲಿ ಕಟ್ಟಿದೆ ಅಂತ ತೇವಾಂಶದ ಅಂಕಿ ಮತ್ತು ಪಂಪ್ ಓಡಿದ ಹೊತ್ತು ನೋಡಿ ಹೇಳಬಹುದೇ?

ಪ್ರಶ್ನೆ: ನಮ್ಮದು ಸಣ್ಣ ದ್ರಾಕ್ಷಿ ತೋಟ, ಬೋರ್ ನೀರು, ಮೂರು ವಾಲ್ವ್. ಮಣ್ಣಿನ ತೇವಾಂಶ ಮತ್ತು ಪಂಪ್ ಎಷ್ಟು ಹೊತ್ತು ಓಡಿತು ಅನ್ನೋದು ಮೊಬೈಲಿಗೆ ಬರುತ್ತೆ. ಡ್ರಿಪ್ ಪೈಪ್ ಬ್ಲಾಕ್ ಆಗಿದ್ದು ಇದರಿಂದ ಗೊತ್ತಾಗುತ್ತಾ?

ಗೊತ್ತಾಗುತ್ತೆ ರೀ. ಆದರೆ ತೇವಾಂಶ ಎಷ್ಟಿದೆ ಅಂತ ನೋಡಬೇಡಿ, ನೀರು ಬಿಟ್ಟಾಗ ಎಷ್ಟು ಏರಿತು ಅಂತ ನೋಡಿ. ಕಡ್ಡಿ ಕತ್ತರಿಸುವ ಚಾಟ್ನಿ ಆಗಿ ಎಲೆ ತುಂಬಿಕೊಂಡ ಮೇಲೆ ಬಳ್ಳಿ ಹೆಚ್ಚು ನೀರು ಎಳೆಯುತ್ತೆ, ಬಿಸಿಲೂ ಎಳೆಯುತ್ತೆ. ಅದು ಕಾಣೋದು ಎರಡು ನೀರಿನ ನಡುವೆ ಅಂಕಿ ಇಳಿಯುವ ವೇಗದಲ್ಲಿ. ಡ್ರಿಪ್ಪರ್ ಕಟ್ಟಿದ್ದು ಕಾಣೋದು ಪಂಪ್ ಓಡುವಾಗ ಅಂಕಿ ಏರುವ ವೇಗದಲ್ಲಿ. ಇವೆರಡನ್ನೂ ಬೇರೆ ಮಾಡದೆ ಬರೀ ಗ್ರಾಫ್ ನೋಡಿದರೆ ಬೇಸಿಗೆ ಅಂದುಕೊಂಡು ಸುಮ್ಮನಾಗುತ್ತೇವೆ.

ನಾನು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವನು, ಎರಿ ಮಣ್ಣು. ವಾಲ್ವ್‌ವಾರು ಒಂದೊಂದು ಹಾಳೆ ಇಟ್ಟಿದ್ದೇನೆ. A ತಾರೀಖು, B ಪಂಪ್ ಓಡಿದ ನಿಮಿಷ, C ನೀರು ಬಿಡುವ ಮುಂಚಿನ ತೇವಾಂಶ, D ವಾಲ್ವ್ ಮುಚ್ಚಿ ಎರಡು ತಾಸಾದ ಮೇಲಿನ ತೇವಾಂಶ. ನಮ್ಮ ಎರಿಯಲ್ಲಿ ನೀರು ನಿಧಾನ ಹರಡುತ್ತೆ, ಅದಕ್ಕೇ ಎರಡು ತಾಸು. E ಕಾಲಮ್ಮಿನಲ್ಲಿ ಇಷ್ಟೇ:

```
=(D2-C2)/(B2/60)
```

ಒಂದು ತಾಸಿಗೆ ಎಷ್ಟು ಏರಿತು ಅನ್ನೋದು ಬರುತ್ತೆ. ಮಣ್ಣು ಬಹಳ ಒಣಗಿದ್ದಾಗಿನ ಏರಿಕೆಯನ್ನು ಹಸಿ ಇದ್ದಾಗಿನದಕ್ಕೆ ಹೋಲಿಸಬೇಡಿ, C ಹೆಚ್ಚೂಕಡಿಮೆ ಒಂದೇ ಇರುವ ದಿನಗಳನ್ನೇ ತಗೊಳ್ಳಿ. ಮಳೆ ಬಂದ ದಿನ ಬಿಟ್ಟುಬಿಡಿ.

ನನ್ನ ಮೂರೂ ವಾಲ್ವ್‌ಗಳಲ್ಲಿ 90 ನಿಮಿಷಕ್ಕೆ ತೇವಾಂಶ 28ರಿಂದ 34ಕ್ಕೆ ಹೋಗುತ್ತಿತ್ತು, ಅಂದರೆ ತಾಸಿಗೆ 4. ಮುಂದೆ ಮೂರನೇ ವಾಲ್ವ್‌ನಲ್ಲಿ ಅದೇ 90 ನಿಮಿಷಕ್ಕೆ 28ರಿಂದ 31ಕ್ಕೆ ನಿಂತಿತು, ತಾಸಿಗೆ 2. ಉಳಿದ ಎರಡರಲ್ಲಿ 4 ಹಾಗೇ ಇತ್ತು. ಹೀಗೆ ಪಕ್ಕದ ವಾಲ್ವ್ ಜೊತೆ ತಾಳೆ ನೋಡೋದು ಬಹಳ ಮುಖ್ಯ. ಮೂರೂ ಒಟ್ಟಿಗೆ ಇಳಿದರೆ ಲ್ಯಾಟರಲ್ ಪೈಪ್ ತಡಕಬೇಡಿ; ಫಿಲ್ಟರ್ ಕಟ್ಟಿರಬೇಕು, ಬೋರಿನ ನೀರು ಇಳಿದಿರಬೇಕು, ಇಲ್ಲ ವೋಲ್ಟೇಜ್ ಕಡಿಮೆ ಇರಬೇಕು. ವೋಲ್ಟೇಜ್ ಬಿದ್ದರೂ ಪಂಪ್ ಓಡಿದ ನಿಮಿಷ ಅಷ್ಟೇ ತೋರಿಸುತ್ತೆ, ನೀರು ಮಾತ್ರ ಕಡಿಮೆ ಬಂದಿರುತ್ತೆ. ಒಂದೇ ವಾಲ್ವ್ ಇಳಿದರೆ ಅದರ ಪ್ರೆಶರ್ ಗೇಜ್ ನೋಡಿ. ಪೈಪ್ ಒಡೆದಿದ್ದರೆ ಪ್ರೆಶರ್ ಬೀಳುತ್ತೆ, ಡ್ರಿಪ್ಪರ್ ಕಟ್ಟಿದ್ದರೆ ಮೊದಲಿಗಿಂತ ಏರಿರುತ್ತೆ. ನನಗೆ ಏರಿತ್ತು.

ಆಮೇಲೆ ಬಾಟಲಿ ಹಿಡಿದು ತೋಟಕ್ಕೆ ಇಳಿಯಲೇಬೇಕು. ತಾಸಿಗೆ 4 ಲೀಟರಿನ ಡ್ರಿಪ್ಪರ್ ಒಂದು ನಿಮಿಷಕ್ಕೆ ಸುಮಾರು 67 ಮಿಲಿ ಕೊಡಬೇಕು. ಸಬ್‌ಮೇನ್ ಹತ್ತಿರದ ಡ್ರಿಪ್ಪರ್‌ಗಳು 65ರ ಆಸುಪಾಸು ಕೊಟ್ಟವು, ಸಾಲಿನ ತುದಿಯವು 30 ಕೊಟ್ಟವು. ತುದಿಗೆ ನೀರಿನ ಓಟ ಕಡಿಮೆ, ಕೆಸರು ಅಲ್ಲೇ ಕೂಡುತ್ತೆ. ಎಂಡ್ ಕ್ಯಾಪ್ ಬಿಚ್ಚಿದಾಗ ಮೊದಲು ಕೆಂಪು ರಾಡಿ ಬಂತು, ಹಿಂದೆಯೇ ಬಿಳಿ ಚಕ್ಕೆ. ಆ ಚಕ್ಕೆ ಮೇಲೆ ಒಂದು ಹನಿ ಆಸಿಡ್ ಬಿಟ್ಟರೆ ನೊರೆ ಬಂತು. ಅಂದರೆ ಗಡಸು ನೀರಿನ ಸುಣ್ಣ. ನೊರೆ ಬರದೆ ಲೋಳೆ ಲೋಳೆ ಇದ್ದರೆ ಅದು ಪಾಚಿ ಇಲ್ಲವೇ ಬ್ಯಾಕ್ಟೀರಿಯಾ, ಅದಕ್ಕೆ ಕ್ಲೋರಿನ್ ಬೇಕು.

ಸುಣ್ಣಕ್ಕೆ ಹೈಡ್ರೋಕ್ಲೋರಿಕ್ ಆಸಿಡ್. ಮೊದಲು ಕ್ಯಾಪ್ ತೆಗೆದು ಪೈಪ್ ತೊಳೆಯಿರಿ. ಆಮೇಲೆ ವೆಂಚುರಿಯಿಂದ, ತುದಿಯ ನೀರಿನಲ್ಲಿ ಪಿಎಚ್ ಪೇಪರ್ 4 ತೋರಿಸುವ ತನಕ ಬಿಡಿ. ಪಂಪ್ ನಿಲ್ಲಿಸಿ ರಾತ್ರಿಯೆಲ್ಲ ಹಾಗೇ ಬಿಟ್ಟು, ಮರುದಿನ ಕ್ಯಾಪ್ ತೆಗೆದು ನೀರು ತಿಳಿಯಾಗುವವರೆಗೆ ಓಡಿಸಿ. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್ಡಿಗೆ ಎಂದೂ ಸುರಿಯಬೇಡಿ. ಬ್ಲೀಚಿಂಗ್ ಪುಡಿ ಜೊತೆ ಸೇರಿಸಲೇಬೇಡಿ, ವಿಷಗಾಳಿ ಏಳುತ್ತೆ.

ಸೆನ್ಸರ್ ವಿಷಯ ಒಂದು ಹೇಳಬೇಕು. ಅದಕ್ಕೆ ಗೊತ್ತಾಗೋದು ತನ್ನ ಮೇಲಿನ ಡ್ರಿಪ್ಪರ್ ಕಥೆ ಮಾತ್ರ. ಆ ಒಂದು ಡ್ರಿಪ್ಪರ್ ಚೆನ್ನಾಗಿದ್ದರೆ ಸಾಲೆಲ್ಲ ಕಟ್ಟಿದ್ದರೂ ಅಂಕಿ ಇಳಿಯೋದಿಲ್ಲ. ಅದಕ್ಕೇ ಸೆನ್ಸರ್ ಸಾಲಿನ ತುದಿಯ ಕಡೆ ಹೂಳಿ. ಬೇಸಿಗೆಯಲ್ಲಿ ಎರಿ ಬಿರುಕು ಬಿಟ್ಟು ಸೆನ್ಸರ್ ಸುತ್ತ ಸಂದಾದರೂ ಅಂಕಿ ಸುಳ್ಳು ಹೇಳುತ್ತೆ, ಸುತ್ತಲಿನ ಮಣ್ಣು ಒತ್ತಿ ನೋಡಿ.

ನಿಮ್ಮ ಪಂಪ್ ಟೈಮರ್ ಮೇಲಲ್ಲದೆ ತೇವಾಂಶ ಇಂತಿಷ್ಟು ಮುಟ್ಟಿದ ಮೇಲೆ ತಾನೇ ಆಫ್ ಆಗುವಂಥದ್ದಾದರೆ ತೇವಾಂಶದ ಗ್ರಾಫ್ ಸದಾ ಸರಿಯಾಗೇ ಕಾಣುತ್ತೆ. ಆಗ ಕಣ್ಣಿಡಬೇಕಾದ್ದು B ಕಾಲಮ್ಮಿನ ಮೇಲೆ: 90 ನಿಮಿಷದ ಕೆಲಸಕ್ಕೆ 120, 150 ಹಿಡಿಯತೊಡಗಿದರೆ ಅದೇ ಸುಳಿವು.

ಆಸಿಡ್ ಕೊಟ್ಟ ಮೇಲೆ ಏರಿಕೆ ಮತ್ತೆ 4ರ ಹತ್ತಿರ ಬಂತಾ ನೋಡಿ. ನನ್ನ ಮೂರನೇ ವಾಲ್ವ್ 3.5ಕ್ಕೆ ಬಂತು. ತುದಿಯಲ್ಲಿ ಇನ್ನೂ 40 ಮಿಲಿ ದಾಟದ ಡ್ರಿಪ್ಪರ್‌ಗಳನ್ನು ಬದಲಿಸಿದೆ.