ನಿಮ್ಮ ಟೇಬಲ್ಲಲ್ಲಿ ಹನ್ನೊಂದು ಜನ, ರಾತ್ರಿ ಡ್ಯೂಟಿಲಿ ನಾಲ್ಕೇ ಜನ

"ನಮಸ್ತೆ ಸರ್, ನಾನು ಸ್ಟಾಫ್ ನರ್ಸ್. ನಮ್ಮ 24 ಬೆಡ್ಡಿನ ಮೆಡಿಕಲ್ ವಾರ್ಡಿಗೆ ಫೈರ್ ಡ್ರಿಲ್ ಪ್ಲಾನ್ ಮಾಡಿದ್ವಿ, ಯಾರ್ಯಾರು ಏನೇನು ಮಾಡಬೇಕು ಅಂತ ಟೇಬಲ್ ಸಮೇತ ಅದನ್ನೇ ಲೇಖನ ಮಾಡಿ ಕಳಿಸಿದೀನಿ. ಹಾಕ್ಕೋತೀರಾ? ತಪ್ಪಿದ್ರೆ ಮುಲಾಜಿಲ್ಲದೆ ಹೇಳಿ."

ಸಿಸ್ಟರ್, ನಮಸ್ಕಾರ. ಈಗಿರೋ ಹಾಗೆ ಹಾಕ್ಕೊಳಲ್ಲ, ಆದ್ರೆ ವಾಪಸ್ ಕಳಿಸಿ ಸುಮ್ಮನಾಗೋಕೂ ಮನಸ್ಸಿಲ್ಲ, ಯಾಕಂದ್ರೆ ಈ ಕೆಲಸಕ್ಕೆ ಬರೋ ಮುಂಚೆ ನಾನೂ ಒಂದು ಆಸ್ಪತ್ರೆಲಿ ಕೆಲವು ವರ್ಷ ಸೇಫ್ಟಿ ನೋಡ್ಕೋತಿದ್ದೆ, ಇಂಥದ್ದೇ ಟೇಬಲ್ ನಾನೂ ಮಾಡಿ ಗೋಡೆಗೆ ಅಂಟಿಸಿದ್ದೆ. ಬೆಂಕಿ ಎಷ್ಟು ಅಪಾಯ ಅಂತ ಬರೆದಿರೋ ಮೊದಲ ಎರಡು ಪುಟ ಕಿತ್ತಾಕಿ. ನಿಮ್ಮ ಲೇಖನ ಶುರುವಾಗೋದೇ ಟೇಬಲ್ಲಿಂದ, ಅದು ಎಡವೋದೂ ಅಲ್ಲೇ.

ಟೇಬಲ್ಲಲ್ಲಿ ಡಾಕ್ಟರ್, ವಾರ್ಡ್ ಇನ್‌ಚಾರ್ಜ್, ನಾಲ್ಕು ಸಿಸ್ಟರ್, ಇಬ್ಬರು ವಾರ್ಡ್ ಬಾಯ್, ಆಯಾ, ಎಲೆಕ್ಟ್ರಿಷಿಯನ್, ಸೆಕ್ಯುರಿಟಿ, ಹೀಗೆ ಹನ್ನೊಂದು ಜನ ಇದಾರೆ. ನಾಲ್ಕನೇ ಪುಟದಲ್ಲಿ ನೀವೇ ಬರೀತೀರಿ, ರಾತ್ರಿ ವಾರ್ಡಲ್ಲಿ ಇಬ್ಬರು ಸಿಸ್ಟರ್, ಒಬ್ಬ ವಾರ್ಡ್ ಬಾಯ್, ಫ್ಲೋರಿಗೆ ಒಬ್ಬ ಗಾರ್ಡ್ ಅಂತ. ಈ ಎರಡೂ ಪುಟ ಒಂದಕ್ಕೊಂದು ಮಾತಾಡ್ಕೊಂಡೇ ಇಲ್ಲ ಸಿಸ್ಟರ್. ಕೋಲ್ಕತಾದ ಎಎಂಆರ್‌ಐ ಆಸ್ಪತ್ರೆಗೆ ಬೆಂಕಿ ಬಿದ್ದಿದ್ದು 2011ರ ಡಿಸೆಂಬರ್ 9ರ ಬೆಳಗಿನ ಜಾವ, ಬೇಸ್‌ಮೆಂಟಲ್ಲಿ ಹತ್ತಿಕೊಂಡಿದ್ದರ ಹೊಗೆ ಮೇಲಿನ ವಾರ್ಡುಗಳಿಗೆ ನುಗ್ಗಿ ಜನ ಉಸಿರುಕಟ್ಟಿ ಸತ್ತರು. ಭಂಡಾರಾ ಜಿಲ್ಲಾ ಆಸ್ಪತ್ರೆಲಿ ಹತ್ತು ಹಸುಗೂಸು ಹೋಗಿದ್ದು 2021ರ ಜನವರಿ 9ರಂದು, ಅದೂ ನಡುರಾತ್ರಿ ದಾಟಿದ ಮೇಲೆ. ಝಾನ್ಸಿ ಆಸ್ಪತ್ರೆಗೆ ಬೆಂಕಿ ಬಿದ್ದಿದ್ದೂ 2024ರ ನವೆಂಬರ್ 15ರ ರಾತ್ರಿ. ಅದಕ್ಕೇ ಪ್ಲಾನನ್ನ ಮೊದಲು ರಾತ್ರಿಗೆ ಬರೀರಿ, ಹಗಲಿಗೆ ಜನ ಜಾಸ್ತಿ ಇದ್ರೆ ಆಮೇಲೆ ಹಂಚಿಕೊಳ್ಳೋಣ. ಹೆಸರಿಗೆ ಕೆಲಸ ಕೊಡಬೇಡಿ, ನಂಬರಿಗೆ ಕೊಡಿ. ಹ್ಯಾಂಡ್‌ಓವರ್ ಟೈಮಲ್ಲಿ ಬೋರ್ಡ್ ಮೇಲೆ ಇವತ್ತು ಒಂದು ಯಾರು, ಎರಡು ಯಾರು, ಮೂರು ಯಾರು ಅಂತ ಬರೆದ್ರೆ ಸಾಕು, ರಜಾ ಹಾಕಿದೋರ ಹೆಸರಲ್ಲಿ ಆಕ್ಸಿಜನ್ ಡ್ಯೂಟಿ ಇರೋ ತಮಾಷೆ ತಪ್ಪುತ್ತೆ.

ನಿಮ್ಮದೇ ಉದಾಹರಣೆ ತಗೋಳೋಣ, ರಾತ್ರಿ ಎರಡು ಗಂಟೆ, 17ನೇ ಬೆಡ್ ತಲೆ ಮೇಲಿನ ಏಸಿಯಿಂದ ಹೊಗೆ. ಮೊದಲು ನೋಡಿದೋರು "ಕೋಡ್ ರೆಡ್" ಅಂತ ಕೂಗಿ ಆ ಬೆಡ್ಡನ್ನೂ ಅಕ್ಕಪಕ್ಕದ ಎರಡನ್ನೂ ಎಳೀತಾರೆ, ಬೇರೇನೂ ಮಾಡಲ್ಲ. ಎರಡನೇ ಸಿಸ್ಟರ್ ಅಲಾರ್ಮ್ ಒತ್ತಿ ಸ್ವಿಚ್‌ಬೋರ್ಡಿಗೆ ಫೋನ್ ಮಾಡಿ ಫ್ಲೋರು, ವಾರ್ಡು, ಏನು ಉರೀತಿದೆ ಅಂತ ಮೂರೇ ಮಾತು ಹೇಳ್ತಾರೆ, 101ಕ್ಕೆ ಹೇಳೋದು ಸ್ವಿಚ್‌ಬೋರ್ಡಿನೋರ ಕೆಲಸ. ವಾರ್ಡ್ ಬಾಯ್ ಏಸಿ ಎಂಸಿಬಿ ಇಳಿಸಿ ಬೆಂಕಿ ಆರಿಸೋ ಸಿಓಟು ಸಿಲಿಂಡರ್ ತರ್ತಾನೆ. ಅದು ಬರೋದು ಕೆಲವೇ ಸೆಕೆಂಡು, ಹಾಗಾಗಿ ಬಾಗಿಲು ಬೆನ್ನ ಹಿಂದೆ ಇರೋ ಹಾಗೆ ನಿಂತು ಒಂದು ಸಿಲಿಂಡರ್ ಹೊಡೀಬೇಕು, ಆರಲಿಲ್ಲ ಅಂದ್ರೆ ಬಿಟ್ಟು ರೋಗಿಗಳ ಕಡೆ ಬರಬೇಕು. ನಿಮ್ಮ ಡ್ರಾಫ್ಟಲ್ಲಿ ಅವನು ಬೆಂಕಿ ಆರೋವರೆಗೂ ಅಲ್ಲೇ ನಿಂತಿರ್ತಾನೆ, ಹಾಗೆ ನಿಂತ್ರೆ ಎಳೆಯೋ ಕೈ ಒಂದು ಜೊತೆ ಕಮ್ಮಿ ಆಯ್ತು.

ಈಗ ಆಕ್ಸಿಜನ್. "ಬೆಂಕಿ ಕಂಡ ಕೂಡಲೇ ಸೆಕ್ಯುರಿಟಿ ಆಕ್ಸಿಜನ್ ವಾಲ್ವ್ ಬಂದ್ ಮಾಡಬೇಕು" ಅಂತ ಬರೆದಿದೀರಿ. ಇದೊಂದೇ ಸಾಲಿಗೆ ನಾನು ಲೇಖನ ತಡೆದಿದ್ದು. ಕಾರಿಡಾರಲ್ಲಿರೋ ಆ ವಾಲ್ವ್ ತಿರುಗಿಸಿದ್ರೆ ನಿಮ್ಮ ವಾರ್ಡಿನ ಅಷ್ಟೂ ಬೆಡ್ಡಿಗೆ ಗ್ಯಾಸ್ ನಿಲ್ಲುತ್ತೆ, ಬೆಂಕಿಯಿಂದ ದೂರ 3ನೇ ಬೆಡ್ಡಲ್ಲಿ ಮಾಸ್ಕ್ ಹಾಕಿರೋ ಅಜ್ಜನಿಗೂ. ಬೆಂಕಿ ಪಕ್ಕದ ಬೆಡ್ಡಿಗೆ ಆಕ್ಸಿಜನ್ ಬಿಡೋ ಫ್ಲೋಮೀಟರನ್ನ ಯಾರು ಬೇಕಾದ್ರೂ ತಕ್ಷಣ ಮುಚ್ಚಲಿ, ಅದು ಸರಿ. ವಾಲ್ವ್ ಮಾತ್ರ ಒಂದನೇ ನಂಬರ್, ಅಂದ್ರೆ ಚಾರ್ಜ್ ಸಿಸ್ಟರ್, "ಆಕ್ಸಿಜನ್ ಮೇಲಿರೋರೆಲ್ಲ ಸಿಲಿಂಡರಿಗೆ ಬಂದ್ರು" ಅಂತ ಬಾಯಿಬಿಟ್ಟು ಹೇಳಿದ ಮೇಲೇ ಮುಚ್ಚಬೇಕು. ನಿಮ್ಮಲ್ಲಿ ಇಬ್ಬರು ಆಕ್ಸಿಜನ್ ಮೇಲಿದಾರೆ, ಬಿ ಟೈಪ್ ಸಿಲಿಂಡರ್ ಒಂದೇ ಇದೆ! ತುಂಬಿದ ಬಿ ಟೈಪಲ್ಲಿ ಸುಮಾರು 1500 ಲೀಟರ್ ಇರುತ್ತೆ, ನಿಮಿಷಕ್ಕೆ 6 ಲೀಟರ್ ಹೋದ್ರೆ ನಾಲ್ಕು ಗಂಟೆ ಬರುತ್ತೆ, ಅಂದ್ರೆ ಗ್ಯಾಸ್ ಸಾಲಲ್ಲ ಅನ್ನೋ ಸಮಸ್ಯೆ ಅಲ್ಲ, ಎರಡನೇ ಮೂತಿಗೆ ಎರಡನೇ ಸಿಲಿಂಡರ್ ಇಲ್ಲ ಅನ್ನೋ ಸಮಸ್ಯೆ. ಇನ್ನೊಂದು, ಕೀ. ನಮ್ಮ ಮೊದಲ ಡ್ರಿಲ್ಲಲ್ಲಿ ಸಿಲಿಂಡರ್ ಇತ್ತು, ತೆರೆಯೋ ಕೀ ಸ್ಟೋರ್ ಇನ್‌ಚಾರ್ಜ್ ಡ್ರಾಯರಲ್ಲಿತ್ತು, ಅವರು ಮನೇಲಿದ್ರು. ಕೀಗೆ ದಾರ ಕಟ್ಟಿ ಸಿಲಿಂಡರ್ ಕುತ್ತಿಗೆಗೇ ನೇತುಹಾಕಿ.

ಆಮೇಲೆ ಎಲ್ಲರನ್ನೂ ಮೆಟ್ಟಿಲಿಳಿಸಿ ಕೆಳಗಿನ ಅಸೆಂಬ್ಲಿ ಪಾಯಿಂಟಿಗೆ ಕರ್ಕೊಂಡು ಹೋಗ್ತೀರಿ. ಮೂರನೇ ಫ್ಲೋರಿಂದ, ರಾತ್ರಿ, ನಾಲ್ಕು ಜನ, 24 ರೋಗಿ! ಆಗದ ಮಾತು. ಮೊದಲು ಹೋಗಬೇಕಾಗಿರೋದು ಕೆಳಕ್ಕಲ್ಲ, ಪಕ್ಕಕ್ಕೆ, ಫೈರ್ ಡೋರ್ ದಾಟಿ ಅದೇ ಫ್ಲೋರಿನ ಆಚೆ ವಾರ್ಡಿಗೆ. ಬಾಗಿಲು ಮುಚ್ಚಿದ್ರೆ ಹೊಗೆ ಅಲ್ಲಿಗೆ ತಡವಾಗಿ ಬರುತ್ತೆ, ಅಲ್ಲೂ ಉಳಿಗಾಲ ಇಲ್ಲ ಅನ್ನಿಸಿದ್ರೆ ಮಾತ್ರ ಮೆಟ್ಟಿಲು. ಲೆಕ್ಕ ಹಾಕಿ ನೋಡಿ, ನಿಮ್ಮವರಲ್ಲಿ 12 ಜನ ನಡೀತಾರೆ, 6 ಜನಕ್ಕೆ ವೀಲ್‌ಚೇರ್ ಬೇಕು, 6 ಜನ ಮಲಗಿದಲ್ಲೇ. ಬೆಂಕಿ ಹತ್ತಿರ ಇರೋರು ಯಾರೇ ಆಗಿರ್ಲಿ ಮೊದಲು. ಆಮೇಲೆ ನಡೆಯೋರನ್ನ ಒಟ್ಟಿಗೆ ಎರಡನೇ ಸಿಸ್ಟರ್ ಜೊತೆ ಕಳಿಸಿಬಿಡಿ, ಒಂದೇ ಸಲಕ್ಕೆ ಅರ್ಧ ವಾರ್ಡ್ ಖಾಲಿ, ದಾರಿನೂ ಬಿಡುವಾಗುತ್ತೆ. ಮಲಗಿರೋ ಒಬ್ಬರಿಗೆ ಇಬ್ಬರು ಬೇಕು, ಹೋಗಿ ಬರೋಕೆ ಎರಡು ನಿಮಿಷ ಅಂತ ಇಟ್ಕೊಂಡ್ರೂ ವಾರ್ಡ್ ಬಾಯ್ ಮತ್ತೆ ಗಾರ್ಡ್ ಜೋಡಿಗೆ ಆರು ಜನಕ್ಕೆ ಹನ್ನೆರಡು ನಿಮಿಷ. ಬೆಡ್ಡೇ ತಳ್ಳಿಕೊಂಡು ಹೋಗಬಹುದಾ ಅಂತ ಇವತ್ತೇ ಒಂದು ಬೆಡ್ ತಳ್ಳಿ ಆ ಬಾಗಿಲಲ್ಲಿ ತೂರುತ್ತಾ ನೋಡಿ, ತೂರದಿದ್ರೆ ಬೆಡ್‌ಶೀಟ್ ಸಮೇತ ನೆಲಕ್ಕಿಳಿಸಿ ತಲೆ ಕಡೆಯಿಂದ ಎಳೆಯೋದನ್ನ ಕಲಿಸಬೇಕು.

ರೋಗಿ ಕಡೆಯವರು ಎಲ್ಲಿ ಸಿಸ್ಟರ್? ನಮ್ಮ ಆಸ್ಪತ್ರೆಗಳಲ್ಲಿ ರಾತ್ರಿ ಪ್ರತಿ ಬೆಡ್ ಕೆಳಗೆ ಚಾಪೆ ಹಾಸಿ ಒಬ್ಬರು ಮಲಗಿರ್ತಾರೆ, ನಿಮ್ಮ ಪ್ಲಾನಲ್ಲಿ ಅವರು ಇಲ್ಲವೇ ಇಲ್ಲ. ಹೇಳೋರಿಲ್ಲ ಅಂದ್ರೆ ಅವರೇ ಲಿಫ್ಟಿಗೆ ಓಡಿ ದಾರಿ ಕಟ್ಟಿಹಾಕ್ತಾರೆ, ಹೇಳಿದ್ರೆ ಅವರೇ ವೀಲ್‌ಚೇರ್ ತಳ್ತಾರೆ. ಅಡ್ಮಿಷನ್ ಟೈಮಲ್ಲಿ "ಗಂಟೆ ಹೊಡೆದ್ರೆ ನಿಮ್ಮೋರನ್ನ ಆ ಬಾಗಿಲಾಚೆ ಕರ್ಕೊಂಡು ಹೋಗಿ, ಲಿಫ್ಟ್ ಬೇಡ" ಅಂತ ಬಾಗಿಲು ತೋರಿಸಿ ಹೇಳೋಕೆ ಅರ್ಧ ನಿಮಿಷ ಸಾಕು. ಕೊನೆಗೆ ಚಾರ್ಜ್ ಸಿಸ್ಟರ್ ಟಾಯ್ಲೆಟ್ ನೋಡಿ, ರೋಗಿಗಳ ಹೆಸರಿರೋ ಸೆನ್ಸಸ್ ಬುಕ್ ಎತ್ಕೊಂಡು, ಬಾಗಿಲು ಮುಚ್ಚಿ ಹೊರಗೆ ಬರ್ತಾರೆ, ಆಚೆ ವಾರ್ಡಲ್ಲಿ ಹೆಸರು ಕೂಗಿ ಲೆಕ್ಕ ಹಾಕ್ತಾರೆ.

"ಡ್ರಿಲ್ ಒಂಬತ್ತು ನಿಮಿಷದಲ್ಲಿ ಯಶಸ್ವಿ" ಅಂತ ಮುಗಿಸಿದೀರಿ. ಬೆಳಗ್ಗೆ ಹನ್ನೊಂದಕ್ಕೆ, ಎಲ್ಲರಿಗೂ ಮುಂಚೆನೇ ಗೊತ್ತಿದ್ದು, ಒಬ್ಬ ಮಲಗಿದ ರೋಗಿನೂ ಇಲ್ಲದೆ. ಏನೇನು ಕೈಕೊಡ್ತು ಅಂತ ಒಂದು ಸಾಲಿಲ್ಲ. ಆದ್ರೆ ನೀವು ಕಳಿಸಿದ ಮೂರನೇ ಫೋಟೋದಲ್ಲಿ ಫೈರ್ ಡೋರಿಗೆ ಸ್ಟೂಲ್ ಒತ್ತಿಟ್ಟು ತೆರೆದಿಟ್ಟಿರೋದು ಚೆನ್ನಾಗಿ ಕಾಣ್ತಿದೆ, ಅದು ತೆರೆದಿದ್ರೆ ಮೇಲೆ ಹೇಳಿದ ಹನ್ನೆರಡು ನಿಮಿಷ ನಿಮಗೆ ಸಿಗಲ್ಲ.

ಹಾಗಾಗಿ ಇನ್ನೊಂದು ಸಲ ಮಾಡಿ, ನೈಟ್ ಡ್ಯೂಟಿಯವರನ್ನೇ ಇಟ್ಕೊಂಡು, ಬೆಡ್ ಮೇಲೆ ನಿಮ್ಮ ಸ್ಟಾಫಲ್ಲೇ ದಪ್ಪ ಇರೋ ಒಬ್ಬರನ್ನ ಮಲಗಿಸಿ. ರೋಗಿಗಳಿಗೂ ಸ್ವಿಚ್‌ಬೋರ್ಡಿಗೂ ಇದು ಡ್ರಿಲ್ ಅಂತ ಮೊದಲೇ ಹೇಳಿಡಿ, ಸ್ಟಾಫಿಗೆ ಟೈಮ್ ಹೇಳಬೇಡಿ. ಬಾಗಿಲು ಮುಚ್ಚಿದ್ದೆಷ್ಟು ಹೊತ್ತಿಗೆ, ಸಿಲಿಂಡರ್ ತೆರೆದಿದ್ದೆಷ್ಟು ಹೊತ್ತಿಗೆ, ಆ ದಪ್ಪನೆಯವರು ಆಚೆ ವಾರ್ಡ್ ಮುಟ್ಟಿದ್ದೆಷ್ಟು ಹೊತ್ತಿಗೆ ಅಂತ ಮೂರು ಟೈಮ್ ಬರ್ಕೊಳ್ಳಿ. ಟೇಬಲ್ ನಾಲ್ಕು ಜನಕ್ಕೆ ಇಳಿಸಿ, ಆಸ್ಪತ್ರೆ ಹೆಸರು ತೆಗೆದು, ರೋಗಿಗಳ ಮುಖ ಇರೋ ಎರಡು ಫೋಟೋ ಬಿಟ್ಟು ಕಳಿಸಿ. ಸ್ಟೂಲ್ ಫೋಟೋ ಮಾತ್ರ ಇರಲಿ, ಅದನ್ನ ಮೇಲುಗಡೆನೇ ಹಾಕೋಣ.