ಮೆಕ್ಕೆಜೋಳದ ಜೀನೋಮ್ ಜೋಳಕ್ಕಿಂತ ಮೂರು ಪಟ್ಟು ದೊಡ್ಡದು ಯಾಕೆ?

ಪ್ರಶ್ನೆ: ಜೋಳದ ಜೀನೋಮ್ ಸುಮಾರು 73 ಕೋಟಿ ಅಕ್ಷರ, ಮೆಕ್ಕೆಜೋಳದ್ದು 230 ಕೋಟಿ ಅಂತ ಓದಿದೆ. ಉಳಿದದ್ದೆಲ್ಲ ಜಿಗಿಯುವ ಜೀನ್ ಅಂತಾರೆ, ನಿಜವಾ? ಅವು ಜಿಗಿದರೆ ಗಿಡದಲ್ಲಿ ಏನಾದ್ರೂ ಕಾಣುತ್ತಾ? ನಮ್ಮದು ಸೇಡಂ ಕಡೆ, ಜೋಳ ಬೆಳೀತೀವಿ, ಅದಕ್ಕೇ ಕೇಳಿದೆ.

ಬಹುಪಾಲು ನಿಜ. ಕಾಣುತ್ತಾ ಅಂದ್ರೆ, ಜೋಳದಲ್ಲೇ ಒಂದು ಚೆಂದದ ಉದಾಹರಣೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ನಾನು ಕಲಬುರಗಿಯಲ್ಲಿ ಡಿಗ್ರಿ ಮಕ್ಕಳಿಗೆ ಬಾಟನಿ ಪಾಠ ಮಾಡುತ್ತೇನೆ. ಈ ಪ್ರಶ್ನೆ ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ.

ಜೀನೋಮ್ ಅಂದ್ರೆ ಗಿಡದ ಒಂದು ಕೋಶದಲ್ಲಿರುವ ಇಡೀ ಡಿಎನ್‌ಎ ಬರಹ. ಮೊದಲು ಸುಮ್ನೆ ಒಂದು ಲೆಕ್ಕ ಹಾಕೋಣ. ಮೆಕ್ಕೆಜೋಳದ ಡಿಎನ್‌ಎಯಲ್ಲಿ ಜಿಗಿಯುವ ತುಣುಕುಗಳ ಪಾಲು ಸುಮಾರು ನೂರಕ್ಕೆ 85. ಅಂದ್ರೆ 195 ಕೋಟಿ ಅಕ್ಷರ. ಜೋಳದಲ್ಲಿ ಈ ಪಾಲು ನೂರಕ್ಕೆ 60ರ ಆಚೀಚೆ, ಅಂದ್ರೆ ಸುಮಾರು 45 ಕೋಟಿ. ಈಗ ಇವನ್ನು ಕಳೆದುಬಿಡಿ. ಮೆಕ್ಕೆಜೋಳದಲ್ಲಿ ಉಳಿಯೋದು 35 ಕೋಟಿ, ಜೋಳದಲ್ಲಿ 28 ಕೋಟಿ. ಮೂರು ಪಟ್ಟಿನ ಅಂತರ ಎಲ್ಲಿ ಹೋಯ್ತು ನೋಡಿ! ಜೀನ್‌ಗಳೂ ಹಾಗೇ: ಮೆಕ್ಕೆಜೋಳದಲ್ಲಿ ಸುಮಾರು 40 ಸಾವಿರ, ಜೋಳದಲ್ಲಿ 34 ಸಾವಿರ. ಮೆಕ್ಕೆಜೋಳದ ಪೂರ್ವಜರಲ್ಲಿ ಇಡೀ ಜೀನೋಮೇ ಒಮ್ಮೆ ಇಮ್ಮಡಿಯಾಗಿತ್ತು. ಆದರೆ ಹೆಚ್ಚಾದ ಜೀನ್‌ಗಳಲ್ಲಿ ಬಹಳಷ್ಟು ಆಮೇಲೆ ಉದುರಿಹೋದವು. ಹಾಗಾಗಿ ಇವತ್ತಿನ ಗಾತ್ರಕ್ಕೆ ದೊಡ್ಡ ಕಾರಣ ಅದಲ್ಲ.

"ಜಿಗಿಯುವ" ಅಂದಾಗ ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕೂರುವ ತುಣುಕು ಕಣ್ಣಿಗೆ ಬರುತ್ತದೆ ಅಲ್ವಾ? ಅಂಥವೂ ಇವೆ, ಆದರೆ ಜೀನೋಮನ್ನು ಊದಿಸೋದು ಹೆಚ್ಚಾಗಿ ಅವಲ್ಲ. ಊದಿಸೋದು ರೆಟ್ರೋಟ್ರಾನ್ಸ್‌ಪೋಸಾನ್. ಅದು ತಾನು ಜಾಗ ಬಿಡುವುದಿಲ್ಲ. ಅದರಿಂದ ಆರ್‌ಎನ್‌ಎ ಪ್ರತಿ ತಯಾರಾಗುತ್ತದೆ, ಆ ಪ್ರತಿ ಮತ್ತೆ ಡಿಎನ್‌ಎ ಆಗಿ ಬೇರೆಲ್ಲೋ ಸೇರಿಕೊಳ್ಳುತ್ತದೆ. ಪ್ರತಿ ಸಲವೂ ಒಂದು ಹೆಚ್ಚುತ್ತದೆ, ಹಳೆಯದು ಇದ್ದಲ್ಲೇ ಇರುತ್ತದೆ.

ಇವು ಯಾವಾಗ ಸೇರಿಕೊಂಡವು ಅಂತ ಹೇಗೆ ಗೊತ್ತಾಗುತ್ತದೆ? ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗ ಇದು. ಈ ತುಣುಕಿನ ಎರಡೂ ತುದಿಯಲ್ಲಿ ಎಲ್‌ಟಿಆರ್ ಅನ್ನೋ ಒಂದೇ ಬರಹ ಇರುತ್ತದೆ. ಹೊಸ ಪ್ರತಿ ತಯಾರಾಗುವಾಗ ಎರಡೂ ತುದಿ ಒಂದೇ ಅಚ್ಚಿನಿಂದ ಬರುತ್ತವೆ. ಹಾಗಾಗಿ ಸೇರಿಕೊಂಡ ದಿನ ಅವು ಅಕ್ಷರಕ್ಕೆ ಅಕ್ಷರ ಒಂದೇ. ಆಮೇಲೆ ಎರಡರಲ್ಲೂ ಬೇರೆ ಬೇರೆ ಕಡೆ ಅಕ್ಷರ ಬದಲಾಗುತ್ತಾ ಹೋಗುತ್ತದೆ. ಹುಲ್ಲಿನ ಜಾತಿಯ ಗಿಡಗಳಿಗೆ ಸಾಮಾನ್ಯವಾಗಿ ಬಳಸುವ ವೇಗದಲ್ಲಿ ಹೇಳೋದಾದ್ರೆ, 1000 ಅಕ್ಷರದ ಒಂದು ತುದಿಯಲ್ಲಿ 10 ಲಕ್ಷ ವರ್ಷಕ್ಕೆ ಸುಮಾರು 13 ಅಕ್ಷರ ಬದಲಾಗುತ್ತದೆ. ಎರಡು ತುದಿ ಸೇರಿ 26. ಈಗ ನಿಮ್ಮ ಕೈಯಲ್ಲಿರುವ ತುಣುಕಿನ ಎರಡು ತುದಿ ಹೋಲಿಸಿದಾಗ 26 ಕಡೆ ವ್ಯತ್ಯಾಸ ಸಿಕ್ಕರೆ, ಅದು ಅಲ್ಲಿ ಕೂತು ಸುಮಾರು 10 ಲಕ್ಷ ವರ್ಷ ಆಯ್ತು. 13 ಸಿಕ್ಕರೆ 5 ಲಕ್ಷ. ವೇಗವೇ ಅಂದಾಜು, ಹಾಗಾಗಿ ವಯಸ್ಸೂ ಅಂದಾಜೇ.

1990ರ ದಶಕದಲ್ಲಿ ಸ್ಯಾನ್‌ಮಿಗೆಲ್, ಬೆನೆಟ್ಸನ್ ಮತ್ತು ಜೊತೆಗಾರರು ಮೆಕ್ಕೆಜೋಳದ ಎಡಿಎಚ್1 ಎಂಬ ಜೀನಿನ ಸುತ್ತ ಇದನ್ನೇ ಮಾಡಿದರು. ಅಲ್ಲಿ ಒಂದು ತುಣುಕಿನ ಹೊಟ್ಟೆಯೊಳಗೆ ಇನ್ನೊಂದು ಸೇರಿಕೊಂಡಿತ್ತು, ಅದರೊಳಗೆ ಮತ್ತೊಂದು. ಒಳಗಿನದು ಹೊರಗಿನದಕ್ಕಿಂತ ಚಿಕ್ಕ ವಯಸ್ಸಿನದೇ ಇರಬೇಕು ಅಲ್ವಾ? ತುದಿಗಳ ಲೆಕ್ಕವೂ ಹಾಗೇ ಬಂತು. ಹೆಚ್ಚಿನವು ಕಳೆದ 60 ಲಕ್ಷ ವರ್ಷದೊಳಗೆ ಸೇರಿಕೊಂಡವು. ಜೋಳ ಮತ್ತು ಮೆಕ್ಕೆಜೋಳ ಬೇರೆಯಾಗಿ ಸುಮಾರು 1.2 ಕೋಟಿ ವರ್ಷ ಆಗಿದೆ. ಅಂದ್ರೆ ದಾರಿ ಬೇರೆಯಾದ ಮೇಲೆ ಮೆಕ್ಕೆಜೋಳ ಒಂದೇ ಇಷ್ಟು ದಪ್ಪ ಆಯ್ತು. ಈಗ ಇವುಗಳಲ್ಲಿ ಬಹುಪಾಲು ಸತ್ತಂತೆಯೇ. ಅಕ್ಷರ ಕೆಟ್ಟಿರುತ್ತದೆ, ಇಲ್ಲವೇ ಗಿಡವೇ ಮಿಥೈಲ್ ಗುರುತು ಹಚ್ಚಿ ಅವುಗಳ ಬಾಯಿ ಮುಚ್ಚಿಸಿರುತ್ತದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಕಣ್ಣಿಗೆ ಕಾಣಬೇಕಾದ್ರೆ ಎದ್ದು ಹೋಗುವ ಜಾತಿಯ ತುಣುಕು ಬೇಕು. ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲಿ ಮೆಕ್ಕೆಜೋಳದ ಚುಕ್ಕೆ ಕಾಳುಗಳಲ್ಲಿ ಕಂಡಿದ್ದು ಅಂಥವನ್ನೇ. ಆ ಕಥೆ ಎಲ್ಲ ಪುಸ್ತಕದಲ್ಲೂ ಇದೆ, ಬಿಡಿ. ಜೋಳದ್ದು ಹೇಳುತ್ತೇನೆ.

ಜೋಳದಲ್ಲಿ ವೈ1 ಅನ್ನೋ ಜೀನ್ ಇದೆ. ಕಾಳಿನ ಸಿಪ್ಪೆಯಲ್ಲಿ ಕೆಂಪು ಬಣ್ಣ ತಯಾರಾಗಲು ಅದು ಬೇಕು. ಒಂದು ತಳಿಯಲ್ಲಿ ಈ ಜೀನಿನ ಮಧ್ಯೆ ಕ್ಯಾಂಡಿಸ್ಟ್ರೈಪ್1 ಎಂಬ ತುಣುಕು ಬಂದು ಕೂತಿದೆ. ಸಣ್ಣದೇನಲ್ಲ, 23 ಸಾವಿರ ಅಕ್ಷರ. ಅದು ಕೂತಿರುವವರೆಗೆ ಜೀನ್ ಬಂದ್, ಸಿಪ್ಪೆಗೆ ಬಣ್ಣ ಇಲ್ಲ. ಸಿಪ್ಪೆ ಬೆಳೆಯುವಾಗ ಯಾವುದೋ ಒಂದು ಕೋಶದಲ್ಲಿ ತುಣುಕು ಎದ್ದು ಹೋಯಿತು ಅನ್ನಿ. ಆ ಕೋಶದಲ್ಲಿ ಜೀನ್ ಮತ್ತೆ ಶುರು, ಅದರಿಂದ ಹುಟ್ಟುವ ಕೋಶಗಳೆಲ್ಲ ಕೆಂಪು. ಬೇಗ ಎದ್ದರೆ ಅಗಲ ಪಟ್ಟೆ, ತಡವಾಗಿ ಎದ್ದರೆ ಕೂದಲೆಳೆಯಷ್ಟು ಗೆರೆ. ಒಂದೇ ತೆನೆಯಲ್ಲಿ ಒಂದು ಕಾಳಿನ ಪಟ್ಟೆ ಇನ್ನೊಂದರ ಹಾಗೆ ಇರುವುದಿಲ್ಲ.

ತುಣುಕು ಎದ್ದ ಜಾಗದಲ್ಲಿ ಒಂದೆರಡು ಅಕ್ಷರದ ಗುರುತು ಉಳಿಯಬಹುದು. ಇಲ್ಲಿ ಅದು ಕೂತಿದ್ದು ಇಂಟ್ರಾನಿನಲ್ಲಿ, ಅಂದ್ರೆ ಪ್ರೋಟೀನ್ ತಯಾರಾಗುವ ಮೊದಲೇ ಕತ್ತರಿಸಿ ಬಿಸಾಡುವ ಭಾಗದಲ್ಲಿ. ಹಾಗಾಗಿ ಗುರುತು ಉಳಿದರೂ ನಷ್ಟ ಇಲ್ಲ. ಪ್ರೋಟೀನಿನ ಸಂಕೇತ ಇರುವ ಭಾಗದಲ್ಲಿ ಎರಡು ಅಕ್ಷರ ಹೆಚ್ಚಾಗಿದ್ದರೆ, ಮೂರು ಮೂರಾಗಿ ಓದುವ ಲೆಕ್ಕವೇ ತಪ್ಪಿ, ತುಣುಕು ಹೋದ ಮೇಲೂ ಜೀನ್ ಕೆಟ್ಟೇ ಇರುತ್ತಿತ್ತು. ಮತ್ತೆ ಕೆಲವು ತುಣುಕು ಏಳೋದೇ ಇಲ್ಲ. ಮೆಂಡೆಲ್‌ನ ಸುಕ್ಕು ಬಟಾಣಿ ಅಂಥದ್ದು. ಪಿಷ್ಟ ಕಟ್ಟುವ ಜೀನಿನಲ್ಲಿ ಸುಮಾರು 800 ಅಕ್ಷರದ ತುಣುಕು ಸಿಕ್ಕಿಕೊಂಡಿದೆ, ಕಾಳು ತಲೆಮಾರುಗಟ್ಟಲೆ ಸುಕ್ಕಾಗಿಯೇ ಬಂದಿದೆ.

ಹೊಲದಲ್ಲಿ ಹುಡುಕೋಕೆ ಹೊರಟರೆ ಹುಷಾರು. ನಮ್ಮ ಕಡೆಯ ಬಿಳಿಜೋಳದಲ್ಲಿ ನಾನು ಈ ಪಟ್ಟೆ ಕಂಡಿಲ್ಲ. ಕಾಳು ಗಟ್ಟಿಯಾಗುವಾಗ ಮಳೆ ಹಿಡಿದರೆ ಬೂಷ್ಟು ಬಂದು ಕಾಳು ಗುಲಾಬಿ, ಕಪ್ಪು ಆಗುತ್ತದೆ. ಅದು ಮಬ್ಬಾಗಿ ಹರಡಿರುತ್ತದೆ, ಪಕ್ಕದ ಗಿಡಗಳಲ್ಲೂ ಇರುತ್ತದೆ. ಕ್ಯಾಂಡಿಸ್ಟ್ರೈಪ್ ಪಟ್ಟೆಗೆ ಅಂಚು ಸ್ಪಷ್ಟ. ಇನ್ನೊಂದು ವಿಷಯ: ಸಿಪ್ಪೆ ತಾಯಿಗಿಡದ ಭಾಗ, ಭ್ರೂಣದ್ದಲ್ಲ. ಹಾಗಾಗಿ ಹೆಚ್ಚು ಕೆಂಪಿರುವ ಕಾಳನ್ನೇ ಆರಿಸಿ ಬಿತ್ತಿದರೂ ಮಾಮೂಲಾಗಿ ಪಟ್ಟೆಯ ಗಿಡವೇ ಬರುತ್ತದೆ. ಪರಾಗ ಅಥವಾ ಅಂಡ ತಯಾರಾಗುವ ಕೋಶದಲ್ಲೇ ತುಣುಕು ಎದ್ದಿದ್ದರೆ ಮಾತ್ರ, ಮುಂದಿನ ಬೆಳೆಯಲ್ಲಿ ಪೂರ್ತಿ ಕೆಂಪು ತೆನೆಯ ಗಿಡ ಸಿಗುತ್ತದೆ.

ಖಚಿತ ಮಾಡಿಕೊಳ್ಳಲು ಪಿಸಿಆರ್ ಬೇಕು, ಅಂದ್ರೆ ಡಿಎನ್‌ಎಯ ಒಂದು ಭಾಗದ ಲಕ್ಷಾಂತರ ಪ್ರತಿ ತೆಗೆದು ನೋಡುವ ಪರೀಕ್ಷೆ. 23 ಸಾವಿರ ಅಕ್ಷರವನ್ನು ಮಾಮೂಲಿ ಪಿಸಿಆರ್ ದಾಟುವುದಿಲ್ಲ. ಅದಕ್ಕೆ ಒಂದು ಪ್ರೈಮರ್, ಅಂದ್ರೆ ಪ್ರತಿ ಎಲ್ಲಿಂದ ಶುರುವಾಗಬೇಕು ಅಂತ ತೋರಿಸುವ ಪುಟ್ಟ ಡಿಎನ್‌ಎ ಚೂರು, ಜೀನಿನಲ್ಲಿ, ಇನ್ನೊಂದು ತುಣುಕಿನ ಒಳಗೆ ಇಡುತ್ತಾರೆ. ಪ್ರತಿ ತಯಾರಾದರೆ ಜೆಲ್ ಮೇಲೆ ಗೆರೆಯಾಗಿ ಕಾಣುತ್ತದೆ, ಅದೇ ಬ್ಯಾಂಡ್. ಅದು ಬಂದರೆ ತುಣುಕು ಅಲ್ಲೇ ಇದೆ. ಎರಡೂ ಪ್ರೈಮರ್ ತುಣುಕಿನ ಆಚೆ ಈಚೆ ಇಟ್ಟಾಗ ಚಿಕ್ಕ ಬ್ಯಾಂಡ್ ಬಂದರೆ ಅದು ಎದ್ದು ಹೋಗಿದೆ. ಪಟ್ಟೆ ಇರುವ ಸಿಪ್ಪೆಯಲ್ಲಿ ಎರಡೂ ಬರುತ್ತವೆ. ಎರಡೂ ಕಡೆಯ ಪ್ರತಿಯಿಂದ ತುಣುಕು ಹೋಗಿರುವ ಪೂರ್ತಿ ಕೆಂಪು ಗಿಡದಲ್ಲಿ ಎರಡನೆಯದು ಮಾತ್ರ.